ಗೋಡೆಯ ಧೂಳು ನೋಡಿ, ಆಮೇಲೆ ಬೋಲ್ಟ್ ತಗೊಳ್ಳಿ

ಮಾರಿಕಣಿವೆ ಸುತ್ತ, ಹಿರಿಯೂರು, ಹೊಸದುರ್ಗದ ಕಡೆ ಒಂದೇ ಮನೇಲಿ ಇಟ್ಟಿಗೆ ಗೋಡೆನೂ ಇರುತ್ತೆ, ಕಾಂಕ್ರೀಟ್ ಪಿಲ್ಲರ್ರೂ ಇರುತ್ತೆ. ಮೇಲೆ ಬಣ್ಣ ಒಂದೇ. ಒಳಗೇನಿದೆ ಅಂತ ಹೇಳೋದು ಡ್ರಿಲ್ಲಿನ ಧೂಳು.

ಅಡುಗೆಮನೆಗೆ ಮೂವತ್ತು ಕೆಜಿ ಪಾತ್ರೆ ಹೊರೋ ಸ್ಟ್ಯಾಂಡ್ ಹಾಕ್ಬೇಕು ಅಂದ್ಕೊಳ್ಳಿ. ಮೊದಲು ಬೂದು ಪುಡಿ ಬರುತ್ತೆ, ಅದು ಪ್ಲಾಸ್ಟರ್. ಅದಕ್ಕೆ ಭಾರ ಹೊರೋ ಶಕ್ತಿ ಇಲ್ಲ. ಆಮೇಲೆ ಕೆಂಪು ಬಂದ್ರೆ ಇಟ್ಟಿಗೆ. ಬೂದು ಪುಡಿನೇ ಬರ್ತಾ ಬಿಟ್ ಮೆತ್ತಗೆ ಇಳಿದ್ರೆ ಇಟ್ಟಿಗೆ ನಡುವಿನ ಗಾರೆ ಸಿಕ್ಕಿದೆ, ತೂತನ್ನ ಒಂದೂವರೆ ಇಂಚು ಮೇಲೆ ಸರಿಸಿ. ಬಿಟ್ ಮುಂದೆ ಹೋಗೋಕೇ ಒದ್ದಾಡಿದ್ರೆ ಕಾಂಕ್ರೀಟ್.

ಅಂಗಡಿಯವರು ‘ಗಟ್ಟಿ ಇರ್ಲಿ’ ಅಂತ ಕಬ್ಬಿಣದ ಆಂಕರ್ ಬೋಲ್ಟ್ ಕೊಡ್ತಾರೆ. ಬಿಗಿ ಮಾಡಿದಂಗೆ ಅದು ಒಳಗೆ ಅಗಲ ಆಗುತ್ತೆ. ಕಾಂಕ್ರೀಟ್ ತಡ್ಕೊಳ್ಳುತ್ತೆ, ನಮ್ಮ ಇಟ್ಟಿಗೆ ಸೀಳುತ್ತೆ. ಇಟ್ಟಿಗೆಗೆ 8 ಎಂಎಂ ದಪ್ಪ, 60 ಎಂಎಂ ಉದ್ದದ ನೈಲಾನ್ ಪ್ಲಗ್ ಸಾಕು. ಪ್ಲಾಸ್ಟರ್ 15 ಎಂಎಂ ಹೋದ್ರೂ 45 ಇಟ್ಟಿಗೆಯೊಳಗೆ ಕೂರುತ್ತೆ. ಬಿಟ್ಟೂ 8 ಎಂಎಂದೇ, ಗೋಡೆಗೆ ಅಂತ ಬರೋದು. ಮರದ ಬಿಟ್ ಅಲ್ಲ. ಇಟ್ಟಿಗೆಗೆ ಹ್ಯಾಮರ್ ಆಫ್ ಮಾಡಿ. ಎಪ್ಪತ್ತು ಎಂಎಂ ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ, ತೂತಿನ ಪುಡಿಯನ್ನ ಪೂರ್ತಿ ತೆಗೀರಿ.

ಸ್ಕ್ರೂ ಜೊತೆ ಪ್ಲಗ್ಗೂ ತಿರುಗಿದ್ರೆ ತೂತು ದೊಡ್ಡದಾಗಿದೆ. ಬೆಂಕಿಕಡ್ಡಿ ತುರುಕಬೇಡಿ, 10 ಎಂಎಂಗೆ ಕೊರೆದು ದೊಡ್ಡ ಪ್ಲಗ್, ಅದಕ್ಕೆ ತಕ್ಕ ಸ್ಕ್ರೂ ಹಾಕಿ. ಅದರಲ್ಲೂ ಮೇಲಿನ ಸಾಲಿನ ಸ್ಕ್ರೂ ನೋಡ್ಕೊಳ್ಳಿ, ಸ್ಟ್ಯಾಂಡ್ ಮುಂದಕ್ಕೆ ಬಗ್ಗಿದಾಗ ಎಳೆತ ಬೀಳೋದು ಅಲ್ಲೇ.