ಓದಿದ್ದು ಪರೀಕ್ಷೆಯವರೆಗೆ ಉಳಿಯಲು

ಪೀಣ್ಯದ ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪಾಠವನ್ನು ಮತ್ತೆ ಮತ್ತೆ ಓದುವುದನ್ನು ನೋಡುತ್ತೇವೆ. ಓದಿದಷ್ಟೂ ಸಲೀಸಾಗುತ್ತದೆ, ಬಂತು ಎಂದುಕೊಳ್ಳುತ್ತೇವೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯವನ್ನು ಎರಡು ಸಲ ಓದಲು ಕೊಟ್ಟರು. ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಮುಂದು: ಶೇ. 81, ಬರೆದದ್ದು 75. ವಾರ ಕಳೆದಾಗ ಓದಿದ್ದು 42ಕ್ಕೆ ಇಳಿದಿತ್ತು, ಬರೆದದ್ದು 56ರಲ್ಲಿತ್ತು.

ಹಿಫ್ಜ್ ಮಾಡುವ ಮಕ್ಕಳಿಗೆ ಇದು ಗೊತ್ತು. ಹೊಸ ಸಬಕ್ ಒಪ್ಪಿಸಿದರೂ ಉಸ್ತಾದರು ಹಳೆಯದನ್ನು ನೋಡದೆ ಓದಿಸದೆ ಬಿಡುವುದಿಲ್ಲ.

ಶಾಲೆಯ ಪಾಠಕ್ಕೂ ಹಾಗೇ ಮಾಡಿ. ವಿದ್ಯುಚ್ಛಕ್ತಿ ಪಾಠವನ್ನು ಸೋಮವಾರ ಓದಿದರೆ, ಬುಧವಾರ ಪುಸ್ತಕ ಮುಚ್ಚಿ ಓಮ್‌ನ ನಿಯಮ ಬರೆಯಿರಿ, ಒಂದು ಲೆಕ್ಕ ಮಾಡಿ. ಮುಂದಿನ ಸೋಮವಾರ ಮತ್ತೊಮ್ಮೆ, ತಿಂಗಳ ಮೇಲೆ ಇನ್ನೊಮ್ಮೆ. ಪ್ರತಿ ಸಲವೂ ಪುಸ್ತಕ ತೆರೆದು ತಾಳೆ ನೋಡಿ, ಇಲ್ಲವಾದರೆ ತಪ್ಪೇ ಗಟ್ಟಿಯಾದೀತು. ಅರ್ಥವಾಗದ ಪಾಠಕ್ಕೆ ಮಾತ್ರ ಇದು ಸಾಲದು. ಮೊದಲು ಮೇಷ್ಟರನ್ನು ಕೇಳಿ.

ಬುಧವಾರ ಅರ್ಧ ಮರೆತೇ ಇರುತ್ತದೆ. ಅಮ್ಮಿ-ಅಬ್ಬಾ, ಆಗ ಗದರಬೇಡಿ. ತಡವರಿಸಿ ನೆನಪಿಸಿಕೊಳ್ಳುವ ಆ ಹೊತ್ತಿನಲ್ಲೇ ಪಾಠ ಕೂರುವುದು.