ನಾಲ್ಕು ನಿಮಿಷದ ಹಾಡು, ಹದಿನೇಳು ಗಂಟೆಯ ದಿನ

ಮಕ್ಕಳ ರಿಯಾಲಿಟಿ ಶೋಗಳ ಬಗ್ಗೆ ಮಾತಾಡಿ ಅಂತ ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದಾಗ, 'ಪರ ಮಾತಾಡಲಾ, ವಿರೋಧ ಮಾತಾಡಲಾ' ಎಂದು ಕೇಳಿದೆ. 'ಮೇಡಂ, ನಮಗೆ ಚರ್ಚಾಸ್ಪರ್ಧೆ ಬೇಡ, ನೀವು ನೋಡಿದ್ದು ಹೇಳಿ ಸಾಕು' ಅಂದರು. ನಾನು ಸಂಗೀತದ ಪಾಠ ಹೇಳುವವಳು. ಒಂದು ಶೋನ ಸೆಟ್ಟಿನಲ್ಲಿ ನನ್ನ ಶಿಷ್ಯೆಯ ಜೊತೆ ಇಡೀ ಒಂದು ದಿನ ಕೂತಿದ್ದೆ. ಅಲ್ಲಿಂದ ಬಂದಮೇಲೆಯೇ ಕಾಯ್ದೆ ಪುಸ್ತಕ ತೆರೆದು ನೋಡಿದ್ದು. ಆ ಒಂದು ದಿನವನ್ನೂ ಆ ಕಾಯ್ದೆಯನ್ನೂ ಇವತ್ತು ಎದುರುಬದುರು ಇಟ್ಟು ನೋಡೋಣ.

ಈ ಶೋಗಳ ಮಾತು ಬಂದರೆ ನಮ್ಮೆಲ್ಲರ ಕಣ್ಣು ಮೊದಲು ಹೋಗುವುದು ತೀರ್ಪುಗಾರರ ಕುರ್ಚಿಯ ಕಡೆಗೆ. ಅದಕ್ಕೆ ಕಾರಣವೂ ಇದೆ. 2008ರಲ್ಲಿ ಕೋಲ್ಕತ್ತದ ಹದಿನಾರು ವರ್ಷದ ಹುಡುಗಿಯೊಬ್ಬಳು ಬಂಗಾಳಿ ವಾಹಿನಿಯ ಶೋ ಒಂದರಲ್ಲಿ ತೀರ್ಪುಗಾರರಿಂದ ಕಟುವಾದ ಮಾತು ಕೇಳಿಸಿಕೊಂಡಳು. ಆಮೇಲೆ ಅವಳ ಮಾತು ನಿಂತಿತು, ಕೈಕಾಲು ಸ್ವಾಧೀನ ತಪ್ಪಿತು. ಚಿಕಿತ್ಸೆಗೆ ಕರೆತಂದದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ. ತೀರ್ಪುಗಾರರ ಬೈಗುಳವೇ ಕಾರಣ ಎಂದು ಹೆತ್ತವರು ನಂಬಿದ್ದರು. ಕಾಯಿಲೆಗೆ ನಿಜವಾಗಿ ಅದೇ ಮೂಲವೇ ಎನ್ನುವುದು ವೈದ್ಯರ ಪ್ರಶ್ನೆ, ನಾನು ಅದಕ್ಕೆ ಕೈಹಾಕುವುದಿಲ್ಲ. ಆದರೆ ದೇಶವೆಲ್ಲ ಅದು ಸುದ್ದಿಯಾಯಿತು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಬರೆಯಲು ಕೂತಿತು.

ಆಮೇಲೆ ಆದದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಬೈಯುವ ತೀರ್ಪುಗಾರ ಮಕ್ಕಳ ಶೋಗಳಿಂದ ಬಹುಮಟ್ಟಿಗೆ ಮಾಯವಾದ. ಅವನ ಜಾಗದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯುವ, ಕಣ್ಣೊರೆಸಿಕೊಳ್ಳುವ, ವೇದಿಕೆಗೇ ಓಡಿಬಂದು ಮಗುವನ್ನು ಎತ್ತಿಕೊಳ್ಳುವ ತೀರ್ಪುಗಾರ ಬಂದ. ಪಾಠ ಹೇಳುವವಳಾಗಿ ನನಗೆ ಇದೂ ಹಿಡಿಸುವುದಿಲ್ಲ, ಅದು ಬೇರೆ ವಿಷಯ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರು 'ಎದೆ ತುಂಬಿ ಹಾಡುವೆನು' ನಡೆಸಿಕೊಡುತ್ತಿದ್ದ ಕಾಲದಲ್ಲಿ ಶ್ರುತಿ ಎಲ್ಲಿ ಸರಿಯಿತು, ಯಾವ ಅಕ್ಷರ ನುಂಗಿಹೋಯಿತು ಎಂದು ಹೇಳುತ್ತಿದ್ದರು, ಮಗು ಕುಗ್ಗುತ್ತಿರಲಿಲ್ಲ. ಮೆಚ್ಚುಗೆಗೂ ಬೈಗುಳಕ್ಕೂ ನಡುವೆ ತಿದ್ದುವುದು ಅಂತ ಒಂದಿದೆ. ಈಗಿನ ಚೌಕಟ್ಟಿನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.

ಇರಲಿ. ಪರದೆಯ ಮೇಲೆ ಕಂಡ ತಪ್ಪನ್ನು ತಿದ್ದಿಕೊಂಡರು ಅನ್ನೋಣ. ಪರದೆಯ ಮೇಲೆ ಕಾಣದೇ ಇರುವುದನ್ನು ಹೇಳಲು ನಾನು ಬಂದದ್ದು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಶಿಷ್ಯೆಗೆ ಆಗ ಹತ್ತು ವರ್ಷ. ಅವಳಿಗೆ ಹೇಳಿದ್ದು ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂತ. ಎಂಟಕ್ಕೆ ಹೋದೆವು. ಹತ್ತೂವರೆಯ ಹೊತ್ತಿಗೆ ಮೇಕಪ್ಪು, ಜಡೆ, ಜರಿಲಂಗ ಎಲ್ಲ ಮುಗಿದಿತ್ತು. ಲಂಗದ ಸೊಂಟ ಸಡಿಲವಾಗಿದ್ದರಿಂದ ಹಿಂದೆ ಮೂರು ಪಿನ್ನು ಚುಚ್ಚಿ ಬಿಗಿ ಮಾಡಿದ್ದರು. 'ಒರಗಿ ಕೂರಬೇಡ ಪುಟ್ಟಿ, ಚುಚ್ಚುತ್ತೆ' ಎಂದು ಕಾಸ್ಟ್ಯೂಮಿನ ಅಕ್ಕ ಹೇಳಿಹೋದಳು. ಮಧ್ಯಾಹ್ನ ಹನ್ನೆರಡಕ್ಕೆ ವಾದ್ಯದವರ ಜೊತೆ ಇಪ್ಪತ್ತು ನಿಮಿಷ ರಿಹರ್ಸಲ್. ತೀರ್ಪುಗಾರರು ಬಂದದ್ದು ಮೂರಕ್ಕೆ, ಶೂಟಿಂಗ್ ಶುರುವಾದದ್ದು ನಾಲ್ಕಕ್ಕೆ. ಹನ್ನೆರಡು ಮಕ್ಕಳಲ್ಲಿ ನಮ್ಮ ಹುಡುಗಿಯ ಸರದಿ ಹನ್ನೊಂದನೆಯದು.

ಸರದಿ ಬರುವವರೆಗೆ ಮಕ್ಕಳನ್ನು ಮಲಗಿಸುವಂತಿಲ್ಲ. ಒಬ್ಬರು ಹಾಡುವಾಗ ಉಳಿದವರು ಬದಿಯ ಮೆಟ್ಟಿಲ ಮೇಲೆ ಕೂತು ತಲೆದೂಗಬೇಕು, ಬೆರಗಾಗಬೇಕು, ಚಪ್ಪಾಳೆ ತಟ್ಟಬೇಕು. ರಿಯಾಕ್ಷನ್ ಶಾಟ್ ಅನ್ನುತ್ತಾರೆ. ಹಾಡಿನ ನಡುನಡುವೆ ನೀವು ನೋಡುವ ಆ ಮುದ್ದು ಮುಖಗಳು ಅಲ್ಲಿಂದ ಬರುತ್ತವೆ. ಕೆಲವನ್ನು ಹಾಡು ಮುಗಿದ ಮೇಲೆ ಬರೀ ಖಾಲಿ ವೇದಿಕೆ ನೋಡಿಕೊಂಡೇ ತೆಗೆಯುತ್ತಾರೆ. ನಮ್ಮವಳು ಹಾಡಿದ್ದು ರಾತ್ರಿ ಹನ್ನೆರಡೂ ಕಾಲಿಗೆ. ನಾಲ್ಕು ನಿಮಿಷದ ಹಾಡು, ಆಮೇಲೆ ತೀರ್ಪುಗಾರರ ಮಾತು, ಆಮೇಲೆ ಕ್ಯಾಮೆರಾ ಮುಂದೆ ಒಂದು ಬೈಟ್. ಗೇಟು ದಾಟುವಾಗ ಒಂದು ಗಂಟೆ.

ಅದೇ ರಾತ್ರಿ ಒಬ್ಬ ಹುಡುಗ ಎಲಿಮಿನೇಟ್ ಆದ. ನಿರೂಪಕರು ಹೆಸರು ಹೇಳುವ ಮುಂಚೆ ಒಂದು ಮೌನ ಇರುತ್ತದಲ್ಲ, ಅದು ನಿಮಗೆ ಹತ್ತು ಸೆಕೆಂಡು, ಸೆಟ್ಟಿನಲ್ಲಿ ಅದು ನಿಮಿಷಗಟ್ಟಲೆ. ಕ್ಯಾಮೆರಾಗಳು ಒಂದೊಂದಾಗಿ ತಾಯಿಯ ಮುಖಕ್ಕೆ, ಮಗುವಿನ ಮುಖಕ್ಕೆ ಹೋಗಬೇಕು. ಹೆಸರು ಬಂತು. ಹುಡುಗ ಅಳುತ್ತಾ ಅಮ್ಮನ ಹತ್ತಿರ ಓಡಿದ. ಕ್ಯಾಮೆರಾಕ್ಕೆ ಅವನ ಬೆನ್ನು ಮಾತ್ರ ಸಿಕ್ಕಿತ್ತು. 'ಇನ್ನೊಂದ್ಸಲ ಓಡಿಹೋಗು ಕಂದ, ಈ ಕಡೆಯಿಂದ' ಅಂದರು. ಅವನು ಇನ್ನೊಂದು ಸಲ ಓಡಿದ. ಈ ಸಲ ಅಳು ಬರಲಿಲ್ಲ, ತಬ್ಬಿಬ್ಬಾಗಿ ನಿಂತ. ಯಾರೂ ಬೈಯಲಿಲ್ಲ, ನೆನಪಿಟ್ಟುಕೊಳ್ಳಿ. ಎಲ್ಲರೂ ತುಂಬಾ ಪ್ರೀತಿಯಿಂದಲೇ ಮಾತಾಡಿದರು.

ಈಗ ಕಾಯ್ದೆಗೆ ಬರೋಣ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದು ಹೇಳಿ, ಎರಡು ವಿನಾಯಿತಿ ಕೊಟ್ಟಿತು. ಒಂದು, ಶಾಲೆಯ ಹೊತ್ತು ಬಿಟ್ಟು ಮನೆಯ ಕಸುಬಿನಲ್ಲಿ ಕೈಜೋಡಿಸುವುದು. ಇನ್ನೊಂದು, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗುವುದು. ಸರ್ಕಸ್ಸಿಗೆ ವಿನಾಯಿತಿ ಇಲ್ಲ. 'ಇದು ಸ್ಪರ್ಧೆ ಕಣ್ರೀ, ಕೆಲಸ ಅಲ್ಲ' ಎಂದು ಕೆಲವರು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ. ಹವ್ಯಾಸವಾಗಿ ಮಾಡಿದರೂ ವೃತ್ತಿಯಾಗಿ ಮಾಡಿದರೂ ಮಗು ಕಲಾವಿದನೇ ಎಂದು ಕಾಯ್ದೆ ಹೇಳುತ್ತದೆ. 2017ರ ನಿಯಮಗಳಲ್ಲಂತೂ ರಿಯಾಲಿಟಿ ಶೋ, ಕ್ವಿಜ್ ಶೋ, ಟ್ಯಾಲೆಂಟ್ ಶೋ ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಅದೇ ನಿಯಮ, ದುಡ್ಡಿಗಾಗಿ ಬೀದಿಯಲ್ಲಿ ಪ್ರದರ್ಶನ ಕೊಡುವುದನ್ನು ಹೊರಗಿಟ್ಟಿದೆ. ಬೀದಿಯಲ್ಲಿ ಹಗ್ಗದ ಮೇಲೆ ನಡೆಯುವ ಮಗು ಕಾನೂನಿನ ಕಣ್ಣಿಗೆ ಕಲಾವಿದ ಅಲ್ಲ, ಸ್ಟುಡಿಯೋ ದೀಪದ ಕೆಳಗೆ ಅದೇ ಹಗ್ಗ ಹತ್ತಿದರೆ ಕಲಾವಿದ.

ಆ ನಿಯಮ ಕೇಳುವುದೇನು? ಶೂಟಿಂಗ್ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಂದ, ನಮ್ಮಲ್ಲಿ ಡಿಸಿಯವರಿಂದ, ನಿರ್ಮಾಪಕರು ಮೊದಲೇ ಅನುಮತಿ ಪಡೆಯಬೇಕು. ನಮೂನೆ-ಸಿ ಎಂಬ ಮುಚ್ಚಳಿಕೆ ಬರೆದುಕೊಡಬೇಕು. ಅದರ ಜೊತೆ ಮಕ್ಕಳ ಪಟ್ಟಿ, ಹೆತ್ತವರ ಒಪ್ಪಿಗೆ, ಮಕ್ಕಳ ಸುರಕ್ಷತೆಗೆ ಹೊಣೆಯಾದವರ ಹೆಸರು ಇರಬೇಕು. ಅದು ಆರು ತಿಂಗಳಿಗೆ ಮಾತ್ರ ಸಲ್ಲುತ್ತದೆ. ಐದು ಮಕ್ಕಳಿಗೆ ಕಡೇಪಕ್ಷ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಬೇಕು. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಭಾಗ ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಸಂಭಾವನೆಯೇ ಕೊಡದ ಶೋನಲ್ಲಿ ಸೊನ್ನೆಯ ಶೇಕಡಾ 20 ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಎಲ್ಲಕ್ಕಿಂತ ಮುಖ್ಯವಾದ ಸಾಲು ಗಡಿಯಾರದ್ದು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೂಡದು. ಕೇಳಲು ಚೆನ್ನಾಗಿದೆ. ಇದನ್ನು ನಮ್ಮ ಹುಡುಗಿಯ ದಿನಕ್ಕೆ ಹಚ್ಚಿ ನೋಡಿ.

ರಿಹರ್ಸಲ್ ಇಪ್ಪತ್ತು ನಿಮಿಷ, ವೇದಿಕೆಯ ಮೇಲೆ ಇಪ್ಪತ್ತೈದು ನಿಮಿಷ, ಬೈಟ್ ಹತ್ತು ನಿಮಿಷ. ನಿರ್ಮಾಪಕರ ಲೆಕ್ಕದಲ್ಲಿ ಒಂದು ಗಂಟೆಯೂ ಆಗಲಿಲ್ಲ, ನಿಯಮಕ್ಕೆ ಎಳ್ಳಷ್ಟೂ ಚ್ಯುತಿ ಇಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟಿದ್ದನ್ನೂ ಸೇರಿಸಿ. ಕ್ಯಾಮೆರಾ ಮುಂದೆ, ಹೇಳಿದ ಹಾಗೆ ಮುಖ ಮಾಡುವುದು ಕೆಲಸವಲ್ಲದೆ ಇನ್ನೇನು? ಆಗ ಎಂಟೂವರೆ ಗಂಟೆ ದಾಟುತ್ತದೆ. ಅವಳ ತಾಯಿಯ ಲೆಕ್ಕ ಬೆಳಿಗ್ಗೆ ಎಂಟರಿಂದ ರಾತ್ರಿ ಒಂದರವರೆಗೆ, ಹದಿನೇಳು ಗಂಟೆ. ಒಂದೇ ಮಗು, ಒಂದೇ ದಿನ, ಮೂರು ಲೆಕ್ಕ. ಮೂರರಲ್ಲಿ ಯಾವುದು ಸರಿ ಎಂದು ನಿಯಮ ಹೇಳುವುದಿಲ್ಲ. ಕಾಯುವ ಹೊತ್ತಿನ ಬಗ್ಗೆ ಅದರಲ್ಲಿ ಒಂದು ಪದವೂ ಇಲ್ಲ.

ಬರೆಯಲು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಇದೇ ಕಾಯ್ದೆಯ 7ನೇ ಸೆಕ್ಷನ್ನು ನೋಡಿ. ಹದಿನಾಲ್ಕರಿಂದ ಹದಿನೆಂಟರೊಳಗಿನವರ ಕೆಲಸದ ಹೊತ್ತು, ಬಿಡುವು ಮತ್ತು ಕಾಯುವ ಸಮಯವೂ ಸೇರಿ, ಆರು ಗಂಟೆ ಮೀರಬಾರದು ಎನ್ನುತ್ತದೆ. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಕೂಡದು ಎನ್ನುತ್ತದೆ. ಕಾದದ್ದೂ ದುಡಿಮೆಯೇ ಎಂಬ ತಿಳಿವಳಿಕೆ ಕಾಯ್ದೆಗೆ ಇದೆ. ಹತ್ತು ವರ್ಷದ ಗಾಯಕಿಯ ನಿಯಮ ಬರೆಯುವಾಗ ಮಾತ್ರ ಅದು ಕೈಬಿಟ್ಟು ಹೋಯಿತು. ಕೋಲ್ಕತ್ತದ ಆ ಹುಡುಗಿಗೆ ಹದಿನಾರು ಎಂದೆನಲ್ಲ, ಬಾಲ ಕಲಾವಿದರ ಈ ನಿಯಮ ಅವಳ ವಯಸ್ಸಿನವರಿಗೆ ಅನ್ವಯಿಸುವುದೇ ಇಲ್ಲ. 2022ರಲ್ಲಿ ಮಕ್ಕಳ ಆಯೋಗ ಹೊಸ ಕರಡು ಮಾರ್ಗಸೂಚಿ ತಂದಾಗ ಹದಿಹರೆಯದವರನ್ನೂ ಸೇರಿಸಿಕೊಂಡಿತು. ಆದರೆ ಮಾರ್ಗಸೂಚಿಗೆ ಕಾಯ್ದೆಯ ಹಲ್ಲು ಇರುವುದಿಲ್ಲ.

ಕಾಯುವ ಹೊತ್ತಿನ ಈ ತೊಡಕನ್ನು ಇಂಗ್ಲೆಂಡಿನವರು ಸರಳವಾಗಿ ಬಿಡಿಸಿದ್ದಾರೆ. ಅವರ 2014ರ ನಿಯಮದಲ್ಲಿ ಎರಡು ಗಡಿಯಾರಗಳಿವೆ. ಒಂಬತ್ತು ದಾಟಿದ ಮಗು ದಿನಕ್ಕೆ ಐದು ಗಂಟೆ ಪ್ರದರ್ಶನ ಕೊಡಬಹುದು, ಅದು ಒಂದು. ಆ ಜಾಗದಲ್ಲಿ ಒಟ್ಟು ಒಂಬತ್ತೂವರೆ ಗಂಟೆಗಿಂತ ಹೆಚ್ಚು ಇರಬಾರದು, ಅದು ಎರಡು. ಎರಡನೆಯ ಗಡಿಯಾರ ನಮ್ಮಲ್ಲಿದ್ದಿದ್ದರೆ, ಎಂಟಕ್ಕೆ ಬಂದ ನಮ್ಮ ಹುಡುಗಿ ಸಂಜೆ ಐದೂವರೆಗೆ ಮನೆಗೆ ಹೊರಡಬೇಕಾಗಿತ್ತು. ಹಾಗಾದರೆ ಏನಾಗುತ್ತದೆ? ಅವಳನ್ನು ಎಂಟಕ್ಕೆ ಕರೆಯುವುದಿಲ್ಲ. ತೀರ್ಪುಗಾರರು ಮೂರು ಗಂಟೆಗೆ ಬರುವವರಾದರೆ ಮಕ್ಕಳನ್ನೂ ಎರಡಕ್ಕೆ ಬರಹೇಳುತ್ತಾರೆ. ತಡವಾಗುವುದರ ಖರ್ಚು ಮಗುವಿನ ನಿದ್ದೆಯಿಂದ ಹೋಗದೆ ನಿರ್ಮಾಪಕರ ಜೇಬಿನಿಂದ ಹೋಗುತ್ತದೆ.

ನಿಮ್ಮಲ್ಲಿ ಆಡಿಷನ್‌ಗೆ ಮಕ್ಕಳನ್ನು ಕರೆದೊಯ್ಯುವವರು ಇರಬಹುದು. ಸಹಿ ಹಾಕುವ ಮುಂಚೆ ಡಿಸಿ ಅನುಮತಿಯ ಪ್ರತಿ ತೋರಿಸಿ ಎಂದು ಕೇಳಿ. ನಮ್ಮ ಮಗುವನ್ನು ನೋಡಿಕೊಳ್ಳುವವರು ಯಾರು, ಅವರ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿ. ಬರುವ ಹೊತ್ತನ್ನು ಎಲ್ಲರೂ ಬರೆದುಕೊಡುತ್ತಾರೆ, ಬಿಡುವ ಹೊತ್ತನ್ನೂ ಬರೆಸಿಕೊಳ್ಳಿ. ನಾವು ಆವತ್ತು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ, ಅವಳ ತಾಯಿಗೆ ಕೇಳಿದರೆ ಅವಕಾಶ ತಪ್ಪೀತೆಂಬ ಹೆದರಿಕೆ.

ಆ ರಾತ್ರಿ ಕಾರಿನಲ್ಲಿ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಪಿನ್ನು ಬಿಚ್ಚಿದ್ದೆವು, ಚುಚ್ಚಿದ ಕಡೆ ಕೆಂಪಗಾಗಿತ್ತು. ನಿದ್ದೆ ಬಂತೇನೋ ಅಂದುಕೊಂಡೆ. ಕಣ್ಣು ಬಿಡದೆಯೇ ಕೇಳಿದಳು: 'ಮಿಸ್, ನಾನು ಹಾಡಿದ್ದು ನಿನ್ನೆನಾ, ಇವತ್ತಾ?'