ರಾತ್ರಿ ಒಂದು ಗಂಟೆಯ ಟಿಂಗ್

ರಾತ್ರಿ ಒಂದು ಗಂಟೆಗೆ ದಿಂಬಿನ ಪಕ್ಕದ ಫೋನು ಟಿಂಗ್ ಎನ್ನುತ್ತದೆ. ಊರಿನಲ್ಲಿ ಯಾರಿಗೇನಾಯಿತೋ ಎಂದು ಗಾಬರಿಬಿದ್ದು ನೋಡಿದರೆ, ಟೊಮೆಟೊ ಅಗ್ಗವಾಗಿದೆ ಎಂಬ ಸುದ್ದಿ! ನಿದ್ದೆ ಕೆಡಿಸಿಕೊಂಡವರು ಬೆಳಿಗ್ಗೆ ಎದ್ದು ಆ ಆ್ಯಪನ್ನೇ ಕಿತ್ತುಹಾಕುತ್ತಾರೆ.

ನಾನು ಕೆಲಸ ಮಾಡುತ್ತಿದ್ದ ದಿನಸಿ ಆ್ಯಪಿನಲ್ಲೇ ಹೀಗಾಗಿತ್ತು. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಜಾಹೀರಾತಿನ ಸಂದೇಶ ಹೋಗಬಾರದು ಎಂದು ನಾವೇ ನಿಯಮ ಬರೆದಿದ್ದೆವು. ಆದರೆ ಸರ್ವರಿನ ಗಡಿಯಾರ ಯುಟಿಸಿ ಸಮಯದಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ರಾತ್ರಿ 10 ಎಂದರೆ ನಮಗೆ ಬೆಳಗಿನ ಜಾವ ಮೂರೂವರೆ. ಹಾಗಾಗಿ ಮೌನ ಶುರುವಾಗುತ್ತಿದ್ದದ್ದು ಮೂರೂವರೆಗೆ, ಮುಗಿಯುತ್ತಿದ್ದದ್ದು ಮಧ್ಯಾಹ್ನ ಒಂದೂವರೆಗೆ. ಬೆಳಗ್ಗೆಯೆಲ್ಲ ಒಂದೂ ಸಂದೇಶ ಹೋಗದಿದ್ದದ್ದನ್ನು ನೋಡಿಯೇ ತಪ್ಪು ಹಿಡಿದೆವು. ಸರ್ವರಿನ ಸಮಯವನ್ನು ಬಿಟ್ಟು, ಪಡೆಯುವವರ ಫೋನಿನ ಸಮಯವನ್ನು ನೋಡಬೇಕು. ದುಬೈಯಲ್ಲಿರುವ ಕನ್ನಡಿಗರಿಗೆ ರಾತ್ರಿ 10 ಆದಾಗ ಇಲ್ಲಿ ಹನ್ನೊಂದೂವರೆ.

ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ತೊಂದರೆ. ರಾತ್ರಿ ತಡೆದಿಟ್ಟ ಸಂದೇಶಗಳೆಲ್ಲ ಬೆಳಿಗ್ಗೆ ಎಂಟಕ್ಕೆ ಒಟ್ಟಿಗೆ ನುಗ್ಗಿದವು. ಅವುಗಳಲ್ಲಿ ಮಧ್ಯರಾತ್ರಿಗೇ ಮುಗಿದುಹೋದ ರಿಯಾಯಿತಿಯೂ ಇತ್ತು. ಆದ್ದರಿಂದ ಪ್ರತಿ ಸಂದೇಶಕ್ಕೂ ಇಷ್ಟು ಹೊತ್ತಾದ ಮೇಲೆ ಬೇಡ ಎಂಬ ಅವಧಿ ಬರೆದಿಟ್ಟು, ಅದು ಮೀರಿದ್ದನ್ನು ಎಸೆದುಬಿಡಬೇಕು. ಉಳಿದದ್ದು ಮಿತಿಯ ಜರಡಿಯಲ್ಲಿ ಹಾಯಬೇಕು.

ನಮ್ಮ ಮಿತಿ ಒಬ್ಬರಿಗೆ ದಿನಕ್ಕೆ ಮೂರು ಸಂದೇಶ. ಆದರೆ ದಿನವನ್ನು ತಾರೀಖಿನ ಲೆಕ್ಕದಲ್ಲಿ ಹಿಡಿದರೆ ರಾತ್ರಿ ಒಂಬತ್ತಕ್ಕೆ ಮೂರು, ಮರುದಿನ ಎಂಟಕ್ಕೆ ಮತ್ತೆ ಮೂರು. ಹನ್ನೊಂದೇ ಗಂಟೆಯೊಳಗೆ ಆರು. ಅದಕ್ಕೇ ಈ ಕ್ಷಣದಿಂದ ಹಿಂದಕ್ಕೆ 24 ಗಂಟೆ ಎಣಿಸಬೇಕು. ರಿಯಾಯಿತಿಯವರು, ಹೊಸ ಸರಕಿನವರು, ಅರ್ಧಕ್ಕೆ ಬಿಟ್ಟ ಬುಟ್ಟಿಯನ್ನು ನೆನಪಿಸುವವರು ಬೇರೆ ಬೇರೆ ಲೆಕ್ಕ ಇಟ್ಟರೆ ಮೂರು ಒಂಬತ್ತಾಗುತ್ತದೆ. ಎಲ್ಲರಿಗೂ ಒಂದೇ ಲೆಕ್ಕದ ಪುಸ್ತಕ ಇರಬೇಕು.

ಒಟಿಪಿಗೆ, ಸಾಮಾನು ಬಾಗಿಲಿಗೆ ಬಂದಿದೆ ಎಂಬ ಸುದ್ದಿಗೆ ಈ ತಡೆಯಿಲ್ಲ. ಈ ದಾರಿಯಲ್ಲಿ ಜಾಹೀರಾತನ್ನೂ ತೂರಿಸುವ ಆಸೆ ಕಚೇರಿಗಳಲ್ಲಿ ಸದಾ ಇರುತ್ತದೆ. ಅದು ಗ್ರಾಹಕರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಸಂದೇಶಗಳನ್ನು ಚಾನೆಲ್‌ಗಳಾಗಿ ವಿಂಗಡಿಸಬೇಕಾಗಿದೆ. ಜಾಹೀರಾತು, ಆರ್ಡರಿನ ಸುದ್ದಿ ಎರಡನ್ನೂ ಒಂದೇ ಚಾನೆಲ್‌ಗೆ ತುಂಬಿದರೆ, ಕಿರಿಕಿರಿಯಾಗಿ ಅದನ್ನು ಮುಚ್ಚಿದವರಿಗೆ ಆರ್ಡರ್ ಬಂದ ಸುದ್ದಿಯೂ ತಲುಪುವುದಿಲ್ಲ.

ಆ್ಯಪ್ ಕಿತ್ತುಹಾಕಿದವರ ಲೆಕ್ಕ ತಡವಾಗಿಯಾದರೂ ಸಿಗುತ್ತದೆ: ಕಳಿಸಿದ ಸಂದೇಶ ಈ ವಿಳಾಸ ಈಗಿಲ್ಲ ಎಂಬ ಉತ್ತರದೊಂದಿಗೆ ವಾಪಸಾಗುತ್ತದೆ. ಆ್ಯಪ್ ಇಟ್ಟುಕೊಂಡೇ ಸಂದೇಶ ಮುಚ್ಚಿದವರನ್ನು ಬೇರೆಯಾಗಿ ಎಣಿಸಬೇಕು. ಒಂದು ಗುಂಪಿಗೆ ದಿನಕ್ಕೆ ಮೂರು, ಇನ್ನೊಂದಕ್ಕೆ ಒಂದೇ ಕಳಿಸಿ ಕೆಲವು ವಾರ ಈ ಎರಡೂ ಲೆಕ್ಕ ಹೋಲಿಸಿದರೆ ಮಿತಿ ಎಷ್ಟಿರಬೇಕೆಂದು ತಿಳಿಯುತ್ತದೆ.

ನಿಮ್ಮದು ಆಂಡ್ರಾಯ್ಡ್ ಫೋನಾಗಿದ್ದರೆ, ಕಾಟ ಕೊಡುವ ಸಂದೇಶದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಅದು ಯಾವ ಚಾನೆಲ್‌ನಿಂದ ಬಂತೆಂದು ಕಾಣುತ್ತದೆ. ಅದೊಂದನ್ನೇ ಅಲ್ಲೇ ಮುಚ್ಚಬಹುದು.